ಚೀಟಿ ಬರೆದ ನಾಲ್ಕು ದಿನ

ರಾಯದುರ್ಗದ ಜೀನ್ಸ್ ಘಟಕವೊಂದರಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ರೂಟರ್ ಬದಲಾಯಿಸಿದ ದಿನ, ಕತ್ತರಿಸಿದ ಬಟ್ಟೆಯ ಕಟ್ಟುಗಳಿಗೆ ಚೀಟಿ ಮುದ್ರಿಸುವ ಪ್ರಿಂಟರ್ ಆಫ್‌ಲೈನ್ ಎಂದು ತೋರಿಸಿತು. ಕಂಪ್ಯೂಟರ್ ಅದನ್ನು ಹಳೆಯ ಐಪಿ ವಿಳಾಸದಲ್ಲೇ ಹುಡುಕುತ್ತಿತ್ತು. ಹೊಸ ವಿಳಾಸ ತುಂಬಿದೆ. ಕರೆಂಟ್ ಹೋಗಿ ಬಂದಾಗ ರೂಟರ್ ಪ್ರಿಂಟರಿಗೆ ಬೇರೊಂದು ವಿಳಾಸ ಕೊಟ್ಟಿತು, ಮತ್ತೆ ಆಫ್‌ಲೈನ್. ನಮ್ಮೂರಲ್ಲಿ ಕರೆಂಟ್ ಹೋಗದ ದಿನ ಯಾವುದು?

ಆ ನಾಲ್ಕು ದಿನ ಚೀಟಿಗಳನ್ನು ಕೈಯಲ್ಲಿ ಬರೆದವರು ಗುಮ್ಮಘಟ್ಟದಿಂದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಕ್ಕ. ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ಹೊಕ್ಕ ಮೇಲೆ ಅವರನ್ನು ಮಷಿನ್‌ಗೆ ಕೂರಿಸುತ್ತಿರಲಿಲ್ಲ; ಚೀಟಿ ಬರೆಯಲೆಂದೇ ಮತ್ತೆ ಕರೆಸಿದ್ದರು.

ಐದನೆಯ ದಿನ ರೂಟರ್‌ನ ಸೆಟ್ಟಿಂಗ್‌ನಲ್ಲಿ ಪ್ರಿಂಟರಿಗೆಂದೇ ಒಂದು ವಿಳಾಸ ಕಾಯ್ದಿರಿಸಿ, ಕಂಪ್ಯೂಟರಿನಲ್ಲೂ ಅದನ್ನೇ ತುಂಬಿದೆ. ನಂಬಿಕೆ ಬರಲೆಂದು ಮೇನ್ ಆಫ್ ಮಾಡಿ ಮತ್ತೆ ಹಾಕಿದೆ. ಚೀಟಿ ಸರಸರ ಬಂತು. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ, ಹೆಮ್ಮೆಯಿಂದ ಮಾಲೀಕರನ್ನು ಕರೆದು ತೋರಿಸಿದೆ.

ಅವರು ಅಕ್ಕನ ಕಡೆ ತಿರುಗಿ, "ನಾಳಿಂದ ಬರೋದು ಬ್ಯಾಡಮ್ಮ" ಎಂದರು.

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿ ನನ್ನ ಮೇಜಿನ ಮೇಲಿಟ್ಟರು. "ಇನ್ನ ಕರೆಂಟ್ ಹೋದ್ರೂ ಕೆಡಂಗಿಲ್ಲೇನ್ರಿ?" ಎಂದು ಕೇಳಿದರು.

"ಕೆಡಂಗಿಲ್ರಿ" ಎಂದೆ.