ಕೇಳಿದವರು ಎಂಬ ಖಾನೆ

ನನ್ನ ಮೇಜಿನ ಗಾಜಿನ ಕೆಳಗೆ ಒಂದು ಹಾಳೆ ಇದೆ. ನನ್ನ ಗಂಡನ ಕೈಬರಹ. ಬಸವನಗುಡಿಯ ಒಂದು ಕಲ್ಯಾಣ ಮಂಟಪದ ಆಫೀಸಿನಲ್ಲಿ ಅವರು ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದರು. ಅವರು ಹೋದ ಮೇಲೆ ಮಂಟಪದ ಟ್ರಸ್ಟಿನವರು ಅದೇ ಕುರ್ಚಿಯನ್ನು ನನಗೆ ಕೊಟ್ಟರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ಟೈಪಿಂಗ್ ಬರುತ್ತದೆ. ಕುರ್ಚಿಯ ಜೊತೆಗೆ ಹಾಳೆಯೂ ಬಂತು.

ಅದರಲ್ಲಿ ಇರುವುದು ಇಷ್ಟು. ಕಳಿಸುವ ಮುಂಚೆ: ಹೆಸರನ್ನು ಅರ್ಜಿಯ ಜೊತೆ ಹೋಲಿಸು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದು. ಫೋನ್ ನಂಬರಾದರೆ ಒಂದು ಸಲ ಮಾಡಿ ನೋಡು. ತಾರೀಖಿಗೆ ಗೋಡೆ ಕ್ಯಾಲೆಂಡರಿನಲ್ಲಿ ವಾರ ನೋಡು. ಲಗತ್ತನ್ನು ಕಳಿಸುವ ಮೇಲ್‌ನಲ್ಲೇ ತೆರೆದು ನೋಡು. ಫಾರ್ವರ್ಡ್ ಆದರೆ ಕೆಳಗಿನ ತನಕ ಇಳಿ.

ಪ್ರತಿ ಸಾಲಿನ ಹಿಂದೆಯೂ ಒಂದು ಅವಾಂತರ ಇತ್ತು. ಒಂದು ಮದುವೆಯಲ್ಲಿ ಹುಡುಗನ ಹೆಸರಿಗೂ ಅವನ ಅಪ್ಪನ ಹೆಸರಿಗೂ ಇನಿಷಿಯಲ್ ಒಂದೇ ವ್ಯತ್ಯಾಸ. ಪತ್ರದಲ್ಲಿ ಅದು ಅದಲು ಬದಲಾಗಿ, ಪತ್ರ ನೋಡಿ ಬರೆದ ಹೂವಿನ ಬೋರ್ಡಿನಲ್ಲಿ ಅಪ್ಪನೇ ವರನಾದರು. ಬಾಗಿಲಲ್ಲಿ ಬೋರ್ಡು ನೋಡಿದ ಅವರ ಹೆಂಡತಿ, "ಇವರ್ನ ಇನ್ನೊಂದ್ಸಲ ಯಾರು ಮಾಡ್ಕೋತಾರೆ?" ಅಂದರಂತೆ. ಇನ್ನೊಂದು ವರ್ಷ ಲೆಟರ್‌ಹೆಡ್ಡಿನ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿ, ಮಂಟಪ ಖಾಲಿ ಇದೆಯಾ ಎಂದು ಕೇಳುವ ಕರೆಗಳೆಲ್ಲ ಎರಡು ತಿಂಗಳು ವೈಯಾಲಿಕಾವಲ್‌ನ ಒಬ್ಬ ಹೂವಿನಾಕೆಗೆ ಹೋದವು. ಆಕೆ ಜಾಣೆ. ಮಂಟಪ ಗೊತ್ತಿಲ್ಲ, ಹಾರ ಬೇಕಾ ಎಂದು ಕೇಳುತ್ತಿದ್ದಳು. ಈಗಲೂ ನಮ್ಮಲ್ಲಿ ಅರ್ಧ ಮದುವೆಗಳಿಗೆ ಹಾರ ಅವಳದೇ.

ಹಾಳೆಯ ಜೊತೆಗೆ ಒಂದು ಉದ್ದನೆಯ ರಿಜಿಸ್ಟರೂ ಇದೆ. ಪ್ರತಿ ಪತ್ರಕ್ಕೂ ಅದರಲ್ಲಿ ಎರಡು ಖಾನೆ, ಓದಿದವರು ಮತ್ತು ಕೇಳಿದವರು. ಒಬ್ಬರು ಬರೆದ ಪತ್ರವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ಅರ್ಜಿಯ ಮೇಲೆ ಬೆರಳಿಟ್ಟು ಕೇಳಬೇಕು. ತಾನು ಬರೆದದ್ದನ್ನು ತಾನೇ ಓದಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎನ್ನುವುದು ಅವರ ಸಿದ್ಧಾಂತ. ಆಫೀಸಿನಲ್ಲಿ ಕೇಳುವವರು ಯಾರೂ ಇರಲಿಲ್ಲ. ಆದ್ದರಿಂದ ಕಾಗದಗಳು ಸಂಜೆ ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಬರುತ್ತಿದ್ದವು. ನಾನು ಅವರೆಕಾಯಿ ಸುಲಿಯುತ್ತಾ, ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದೆ. ಯಾರ ಮದುವೆ, ಎಷ್ಟು ಎಲೆ, ಎಷ್ಟು ಕೋಣೆ ಎಲ್ಲ ನನಗೆ ಗೊತ್ತಿರುತ್ತಿತ್ತು. ತಪ್ಪು ಸಿಕ್ಕಿದರೆ ನಾನು ಒಂದು ಕಾಳು ಎತ್ತಿ ಅವರ ಕಡೆ ಎಸೆಯುತ್ತಿದ್ದೆ. ಅವರು ಹಿಡಿದು ಬಾಯಿಗೆ ಹಾಕಿಕೊಂಡು ತಿದ್ದುತ್ತಿದ್ದರು. ಹಸಿ ಕಾಳು ತಿನ್ನಬೇಡಿ ಎಂದರೆ, "ಹಾಗಾದ್ರೆ ತಪ್ಪು ಹಿಡೀಬೇಡ" ಎನ್ನುತ್ತಿದ್ದರು.

ನಾನು ಕುರ್ಚಿಗೆ ಬಂದ ಮೇಲೆ ನಾಲ್ಕು ತಿಂಗಳು ಓದಿದವರ ಖಾನೆಯಲ್ಲಿ ನನ್ನ ಸಹಿ ಇತ್ತು. ಕೇಳಿದವರ ಖಾನೆಯಲ್ಲಿ ಒಂದು ಅಡ್ಡ ಗೆರೆ ಎಳೆಯುತ್ತಿದ್ದೆ. ಮ್ಯಾನೇಜರ್‌ಗೆ ಆ ರಿಜಿಸ್ಟರ್ ಕಂಡರೇ ಆಗುತ್ತಿರಲಿಲ್ಲ. ಅವರು ಒಳ್ಳೆಯವರು, ಆದರೆ ಅವಸರದವರು. "ಇದೆಲ್ಲ ಬಿಟ್ಬಿಡಿಮ್ಮಾ. ತಪ್ಪಿದ್ರೆ ಕಂಪ್ಯೂಟರೇ ಕೆಂಪು ಗೆರೆ ಹಾಕಿ ತೋರ್ಸುತ್ತೆ. ಮುಂದಿನ ತಿಂಗಳಿಂದ ನೇರ ಕಳಿಸಿ," ಎಂದಿದ್ದರು. ಕಂಪ್ಯೂಟರಿಗೆ ಯಾರ ಮದುವೆ ಎಂದು ಗೊತ್ತಿಲ್ಲವಲ್ಲ ಎಂದು ನನಗೆ ಅನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ. ನಾನು ಹೆಚ್ಚು ಮಾತಾಡುವವಳಲ್ಲ.

ಒಂದು ದಿನ ಮಧ್ಯಾಹ್ನ ಮೂರು ಗಂಟೆ. ಕುಮಾರ ಪಾರ್ಕಿನಿಂದ ಒಬ್ಬ ಹುಡುಗನ ತಂದೆ ಫೋನ್ ಮಾಡಿದ್ದರು. ನಾಲ್ಕಕ್ಕೆ ಲಗ್ನಪತ್ರಿಕೆ ಅಚ್ಚಿಗೆ ಹೋಗುತ್ತದೆ, ಅಷ್ಟರಲ್ಲಿ ಮಂಟಪದ ಖಚಿತ ಪತ್ರ ಮೇಲ್‌ನಲ್ಲಿ ಬೇಕು, ಅದನ್ನು ನೋಡಿಯೇ ತಾರೀಖು ವಿಳಾಸ ಹಾಕಿಸುತ್ತೇನೆ ಎಂದರು. ಮಂಟಪವನ್ನು ಕಾಯ್ದಿರಿಸಿದ್ದು ಹುಡುಗಿಯ ಸೋದರಮಾವ. ಪತ್ರ ವ್ಯವಹಾರವೆಲ್ಲ ಅವರದೇ. ಹುಡುಗಿ ಶಾಲೆಯಲ್ಲಿ ಟೀಚರ್. ಒಮ್ಮೆ ತಾಯಿಯ ಜೊತೆ ಮಂಟಪ ನೋಡಲು ಬಂದಿದ್ದಳು. ಹೊರಡುವಾಗ ನನ್ನ ಹತ್ತಿರ ನಿಂತು ಮೆಲ್ಲಗೆ, "ಆಂಟಿ, ನಮ್ಮ ಮಾವಂಗೆ ಸ್ವಲ್ಪ ಬಾಯಿ ಜಾಸ್ತಿ. ಒಂದ್ಸಲ ಇವರ ಮಾತಿಂದ್ಲೇ ಮದುವೆ ನಿಂತುಹೋಗ್ತಿತ್ತು. ಏನಾದ್ರೂ ಬರೆದಿದ್ರೆ ಗಂಡಿನ ಕಡೆಯವರಿಗೆ ಗೊತ್ತಾಗೋದು ಬೇಡ," ಎಂದಿದ್ದಳು. ಆಯಿತಮ್ಮ ಎಂದಿದ್ದೆ.

ಅದೇ ಹೊತ್ತಿಗೆ ಅಡುಗೆ ಭಟ್ಟರು ಮುಂದಿನ ವಾರದ ಎಲೆಗಳ ಲೆಕ್ಕ ಕೇಳಲು ಬಂದು ಬೆಂಚಿನ ಮೇಲೆ ಕುಳಿತಿದ್ದರು. ಮ್ಯಾನೇಜರ್ ತಮ್ಮ ಕಂಪ್ಯೂಟರಿನಲ್ಲಿ ಸೋದರಮಾವನ ಕೊನೆಯ ಮೇಲ್ ತೆರೆದು, ಅದನ್ನೇ ಫಾರ್ವರ್ಡ್ ಒತ್ತಿ, ಮೇಲೆ ನಾಲ್ಕು ಸಾಲು ಪತ್ರ ಬರೆದು, ಹುಡುಗನ ತಂದೆಯ ವಿಳಾಸ ಹಾಕಿದರು.

"ಆಯ್ತು, ಕಳಿಸ್ತಿದೀನಿ."

"ಸಾರ್, ಒಂದು ನಿಮಿಷ ನಿಲ್ಲಿ," ಎಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಮ್ಯಾನೇಜರ್ ಕೈ ಮೌಸಿನ ಮೇಲೆ ಹಾಗೇ ನಿಂತಿತು.

"ಏನಮ್ಮಾ? ಟೈಮಿಲ್ಲ."

"ಓದ್ಬಿಟ್ಟು ಕಳಿಸೋಣ ಸಾರ್. ಭಟ್ಟರೇ, ಈ ಅರ್ಜಿ ಹಿಡ್ಕೊಳ್ಳಿ. ನಾನು ಓದ್ತೀನಿ, ಬೇರೆ ಇದ್ರೆ ಹೇಳಿ."

"ನಂಗ್ಯಾಕೆ ತಾಯಿ ಆಫೀಸ್ ಕೆಲ್ಸ? ನಾನು ಸಾಂಬಾರ್ ಮನುಷ್ಯ," ಎಂದು ಹೇಳುತ್ತಲೇ ಭಟ್ಟರು ಕನ್ನಡಕ ಹಾಕಿಕೊಂಡರು.

ಹೆಸರುಗಳು ಸರಿ ಇದ್ದವು. ತಾರೀಖು ಓದಿ, "ಭಾನುವಾರ" ಎಂದೆ. ಭಟ್ಟರು ಅರ್ಜಿಯಿಂದ ತಲೆ ಎತ್ತಿದರು.

"ಇಲ್ಲಿ ಶುಕ್ರವಾರ ಅಂತಿದೆ."

ಗೋಡೆ ಕ್ಯಾಲೆಂಡರ್ ನೋಡಿದೆವು. ಆ ತಾರೀಖು ಶುಕ್ರವಾರವೇ. ಮ್ಯಾನೇಜರ್ ಹಿಂದಿನ ಮದುವೆಯ ಸಾಲುಗಳನ್ನೇ ತಂದು ತಾರೀಖು ಬದಲಿಸಿ, ವಾರ ಬದಲಿಸುವುದನ್ನು ಮರೆತಿದ್ದರು.

"ಸಾರ್, ಅರ್ಧ ಜನ ಶುಕ್ರವಾರ, ಅರ್ಧ ಜನ ಭಾನುವಾರ ಬಂದಿದ್ರೆ ನಾನು ಎರಡು ಸಲ ಪಾಯಸ ಮಾಡ್ಬೇಕಿತ್ತು," ಎಂದರು ಭಟ್ಟರು.

ಮ್ಯಾನೇಜರ್ ಎದ್ದು ಕುರ್ಚಿಯನ್ನು ನನಗೆ ಬಿಟ್ಟರು. ವಾರ ತಿದ್ದಿ, ಹಾಳೆಯ ಕೊನೆಯ ಸಾಲಿನಂತೆ ಪತ್ರದಿಂದ ಕೆಳಕ್ಕೆ ಇಳಿದೆ. ಸಹಿಯ ಕೆಳಗೆ ಸೋದರಮಾವನ ಮೇಲ್ ಪೂರ್ತಿ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಒಂದೊಂದೇ ಪದ ಕೂಡಿಸಿಕೊಂಡು ಗಟ್ಟಿಯಾಗಿ ಓದಿದೆ.

"ಗಂಡಿನ ತಂದೆಗೆ ಹತ್ತು ನಿಮಿಷಕ್ಕೊಂದ್ಸಲ ಕಾಫಿ ಕೊಡಿ. ಇಲ್ಲಾಂದ್ರೆ ಮುಖ ಸುಟ್ಟ ಬದನೆಕಾಯಿ ಥರ ಮಾಡ್ಕೋತಾರೆ. ಅವರ ಅಣ್ಣನ್ನ ಕಂಬದ ಹಿಂದೆ ಕೂರ್ಸಿ, ಫೋಟೋದಲ್ಲಿ ಬರಬಾರ್ದು. ಅವರ ಸಾಲಿಗೆ ಹೋಳಿಗೆ ಎರಡನೇ ಸುತ್ತು ಬೇಡ. ಶುರು ಮಾಡಿದ್ರೆ ನಿಲ್ಲಿಸೋಕಾಗಲ್ಲ."

ಭಟ್ಟರು ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮ್ಯಾನೇಜರ್ ನಗಲಿಲ್ಲ. ಇನ್ನೊಂದು ಕ್ಷಣವಾಗಿದ್ದರೆ ಇದನ್ನು ಯಾರಿಗೆ ಕಳಿಸುತ್ತಿದ್ದೆ ಎಂದು ಅವರಿಗೆ ಹೊಳೆದಿತ್ತು. ಅಷ್ಟೇ ಅಲ್ಲ. ಫಾರ್ವರ್ಡ್ ಒತ್ತಿದಾಗ ಹಳೆಯ ಲಗತ್ತೂ ತಾನಾಗಿ ಜೊತೆಗೆ ಬಂದಿತ್ತು. ತೆರೆದು ನೋಡಿದರೆ ಅದು ಗಂಡಿನ ಕಡೆಯವರ ಪಟ್ಟಿ, ಒಬ್ಬೊಬ್ಬರ ಮುಂದೆಯೂ ಷರಾ. ಫೈಲಿನ ಹೆಸರು "ಗಂಡಿನ ಕಡೆ, ಜೋಪಾನ". ಆ ಟೀಚರ್ ಹುಡುಗಿಯ ಮದುವೆ ನಿಂತುಹೋಗಲು ಒಂದು ಬೆರಳಿನ ದೂರವಷ್ಟೇ ಇತ್ತು.

"ಅಳಿಸಿಬಿಡಿ, ಅಳಿಸಿಬಿಡಿ," ಎಂದರು ಮ್ಯಾನೇಜರ್.

ಆದರೆ ಹಾಳೆಯಲ್ಲಿ ಇರುವುದು ಕೆಳಗಿನ ತನಕ ಇಳಿ ಎಂದು. ನಾನು ಇಳಿಯುತ್ತಾ ಹೋದೆ. ಎಲೆಗಳ ಸಂಖ್ಯೆ, ವಾಲಗದವರು, ಕೋಣೆಗಳು. ಎಲ್ಲಕ್ಕಿಂತ ಕೆಳಗೆ, ಎಂಟು ತಿಂಗಳ ಹಿಂದಿನ ಒಂದು ಪತ್ರ. ಕೊನೆಯಲ್ಲಿ ನನ್ನ ಗಂಡನ ಹೆಸರು.

ಓದುವುದನ್ನು ನಿಲ್ಲಿಸಿದೆ. ಭಟ್ಟರು, "ಓದಿ ತಾಯಿ, ಕೇಳ್ತಿದೀನಿ," ಎಂದರು. ಓದಿದೆ.

"ತಾವು ಕೇಳಿದ ದಿನ ಮಂಟಪ ಖಾಲಿ ಇದೆ. ಮಂಟಪದ ನಕ್ಷೆ ಲಗತ್ತಿಸಿದೆ."

ಅದರ ಮೇಲೆ ಸೋದರಮಾವನ ಉತ್ತರ. "ನಕ್ಷೆ ಎಲ್ಲಿ ಸಾರ್? ಬರೀ ಮಾತು ಬಂದಿದೆ."

ಅದರ ಮೇಲೆ ಮತ್ತೆ ಇವರದು. "ಕ್ಷಮಿಸಿ. ನಮ್ಮ ಮನೆಯವರು ಊರಲ್ಲಿಲ್ಲ, ಕೇಳುವವರಿಲ್ಲದೆ ಹೀಗಾಯಿತು. ನಕ್ಷೆ ಈಗ ಕಳಿಸಿದ್ದೇನೆ."

ಆ ವಾರ ನಾನು ತಂಗಿಯ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದೆ. ವಾಪಸ್ ಬಂದಾಗ ಕೆಲಸ ಹೇಗಿತ್ತು ಎಂದು ಕೇಳಿದ್ದಕ್ಕೆ, "ಏನೂ ತೊಂದ್ರೆ ಆಗ್ಲಿಲ್ಲ, ನೀನಿಲ್ದೆ ಆರಾಮಾಗಿತ್ತು," ಎಂದಿದ್ದರು. ಲಗತ್ತು ತೆರೆದು ನೋಡು ಎಂದು ಬರೆದವರೇ ಲಗತ್ತು ಮರೆತಿದ್ದರು. ಮರೆತದ್ದನ್ನು ನನಗೆ ಹೇಳದೆ, ನಾನು ಕಂಡೇ ಇರದ ಒಬ್ಬರಿಗೆ ಹೇಳಿದ್ದರು. ಅವರ ಕಡೆಗೆ ಎಸೆಯಲು ನನ್ನ ಕೈಯಲ್ಲಿ ಕಾಳಿರಲಿಲ್ಲ. ನನ್ನ ನಾಲ್ಕು ತಿಂಗಳ ಅಡ್ಡ ಗೆರೆಗಳಿಗೂ ಕಾರಣ ಅದೇ ಅಲ್ಲವೇ ಎಂದುಕೊಂಡೆ. ನಮ್ಮ ಮನೆಯವರು ಊರಲ್ಲಿಲ್ಲ.

ಕಣ್ಣು ಒರೆಸಿಕೊಂಡೆ. ಭಟ್ಟರು ಈರುಳ್ಳಿ ಹೆಚ್ಚುವಾಗ ಮುಖ ತಿರುಗಿಸುವವರಂತೆ ಗೋಡೆಯ ಕಡೆ ನೋಡುತ್ತಿದ್ದರು. ಮ್ಯಾನೇಜರ್ ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟರು. ಅವರು ಯಾರಿಗೂ ನೀರು ತಂದುಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಕಂಪ್ಯೂಟರಿನಲ್ಲಿ ಮೂರು ಮುಕ್ಕಾಲು. ಫಾರ್ವರ್ಡನ್ನು ಪೂರ್ತಿ ಬಿಟ್ಟು ಹೊಸ ಮೇಲ್ ತೆರೆದೆ. ಪತ್ರದ ಸಾಲುಗಳನ್ನು ಮಾತ್ರ ಅದಕ್ಕೆ ತಂದೆ. ನಕ್ಷೆ, ಮಂಟಪದ ನಿಯಮಗಳ ಹಾಳೆ, ಎರಡೇ ಲಗತ್ತು. ಎರಡನ್ನೂ ಆ ಮೇಲ್‌ನಲ್ಲೇ ತೆರೆದು ನೋಡಿದೆ. ಪತ್ರದಲ್ಲಿದ್ದ ಆಫೀಸಿನ ನಂಬರಿಗೆ ಮ್ಯಾನೇಜರೇ ಮೊಬೈಲಿನಿಂದ ಕರೆ ಮಾಡಿದರು. ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಅವರೇ ಎತ್ತಿ, "ಹಲೋ, ಯಾರು?" ಎಂದು ತಮ್ಮನ್ನೇ ಕೇಳಿಕೊಂಡರು. ಮತ್ತೆ ಮೊದಲಿನಿಂದ ಓದಿದೆ, ಭಟ್ಟರು ಕೇಳಿದರು. ಮೇಲ್ ಹೋಯಿತು. ಹಳೆಯ ಮೇಲ್‌ಗಳ ಸರಪಳಿ ನಮ್ಮ ಮೇಲ್ ಪೆಟ್ಟಿಗೆಯಲ್ಲಿ ಇದ್ದಲ್ಲೇ ಇದೆ. ಅದನ್ನು ಅಳಿಸಲಿಲ್ಲ.

ರಿಜಿಸ್ಟರ್ ತೆರೆದು ಭಟ್ಟರ ಮುಂದಿಟ್ಟೆ.

"ಎಲ್ಲಿ ಸೈನ್ ಮಾಡ್ಲಿ?"

"ಕೇಳಿದವರು ಅಂತ ಇದೆಯಲ್ಲ, ಅಲ್ಲಿ."

"ಮನೇಲಿ ನಮ್ಮೋಳು ಇದನ್ನ ನೋಡ್ಬೇಕು ತಾಯಿ. ನಾನು ಯಾರ ಮಾತೂ ಕೇಳಲ್ಲ ಅಂತಾಳೆ," ಎಂದು ಸಹಿ ಹಾಕಿದರು. ಪಕ್ಕದಲ್ಲಿ ಅರಿಶಿನದ ಹೆಬ್ಬೆರಳಿನ ಗುರುತೂ ಬಿತ್ತು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹುಡುಗನ ತಂದೆ. ಪತ್ರ ಬಂತು, ಎಲ್ಲ ಸರಿಯಾಗಿದೆ, ಅಚ್ಚಿಗೆ ಕೊಟ್ಟೆ ಎಂದರು. ಆಮೇಲೆ, "ಇನ್ನೊಂದು ವಿಷ್ಯ ಅಮ್ಮಾ. ನಂಗೆ ಸ್ವಲ್ಪ ಕಾಫಿ ಅಭ್ಯಾಸ. ಆಗಾಗ ಸಿಗೋ ಥರ..." ಎಂದರು.

"ಹತ್ತು ನಿಮಿಷಕ್ಕೊಂದ್ಸಲ ಸಾಕಾ ಸಾರ್?" ಎಂದುಬಿಟ್ಟೆ.

ಈ ಕಡೆ ಮ್ಯಾನೇಜರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು.

"ಅದು ನಿಮಗ್ಹೇಗೆ ಗೊತ್ತಾಯ್ತು?"

"ಮಂಟಪದವರಲ್ವಾ ಸಾರ್, ಎಷ್ಟೋ ಜನ ಬೀಗರನ್ನ ನೋಡಿರ್ತೀವಿ," ಎಂದೆ.

ಅವರು ಜೋರಾಗಿ ನಕ್ಕರು. ಫೋನ್ ಇಟ್ಟ ಮೇಲೆ ಮ್ಯಾನೇಜರ್ ಬಹಳ ಹೊತ್ತು ನನ್ನ ಮೇಜಿನ ಹತ್ತಿರ ಬಗ್ಗಿ, ಗಾಜಿನ ಕೆಳಗಿನ ಹಾಳೆಯನ್ನು ಓದುತ್ತಾ ನಿಂತಿದ್ದರು. ಮುಂದಿನ ತಿಂಗಳು ರಿಜಿಸ್ಟರ್ ನಿಲ್ಲಿಸುವ ಮಾತು ಬರಲಿಲ್ಲ. ಮರುದಿನದ ಪತ್ರಕ್ಕೆ, ಕೇಳಿದವರು ಎಂಬ ಖಾನೆಯಲ್ಲಿ, ಅವರದೇ ಸಹಿ ಇದೆ.