ಹದಿನೇಳನೇ ಪ್ಯಾರಾ ಯಾರ ಮಾತು

ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತಳಾದ ಮೇಲೆ ತೀರ್ಪುಗಳನ್ನು ವೆಬ್‌ಸೈಟಿನಲ್ಲಿ ಹಾಕುವ ಜೆ.ಪಿ. ನಗರದ ಒಂದು ಕಾನೂನು ಪ್ರಕಾಶನಕ್ಕೆ ಸೇರಿದೆ. ತೀರ್ಪು ಒಂದೇ ಸಮನೆ ಸಾಗುವ ಬರಹ. ಅದರ ಒಂದಕ್ಷರವನ್ನೂ ಬದಲಿಸದೆ ಪ್ಯಾರಾಗಳನ್ನು ಸಂಗತಿ, ವಿವಾದಾಂಶ, ವಾದ, ತೀರ್ಮಾನ ಎಂಬ ತಲೆಬರಹಗಳ ಕೆಳಗೆ ವಿಂಗಡಿಸುವುದು ನನ್ನ ಕೆಲಸ. ಪುರುಸೊತ್ತಿಲ್ಲದ ವಕೀಲರು ಎಷ್ಟೋ ಸಲ ತೀರ್ಮಾನವನ್ನಷ್ಟೇ ಓದುತ್ತಾರೆ.

ನನಗೆ ಬ್ಲೌಸ್ ಹೊಲಿದುಕೊಡುವ ಹೆಂಗಸು ಅರೆಕೆರೆಯ ಹಳೇ ಒಕ್ಕಲು ಮನೆತನದವಳು. ಅಂಗಡಿ ಇಟ್ಟಿರುವುದು ತಿಲಕ್ ನಗರದಲ್ಲಿ. ಪಿತ್ರಾರ್ಜಿತ ಜಮೀನಿನಲ್ಲಿ ಅಣ್ಣಂದಿರು ಅವಳಿಗೆ ಪಾಲು ಕೊಟ್ಟಿರಲಿಲ್ಲ. ಒಂದು ದಿನ ಬ್ಲೌಸ್ ತರಲು ಹೋದಾಗ, ದಾವಾ ಹಾಕೋದು ಬೇಡ ಅಂತ ವಕೀಲರು ಹೇಳಿಬಿಟ್ಟರು ಎಂದಳು. ಅವರು ಕೊಟ್ಟಿದ್ದ ಹಾಳೆಯನ್ನೂ ತೋರಿಸಿದಳು. ಮದುವೆಯಲ್ಲಿ ಒಡವೆ ಪಡೆದ ಮಗಳು ಪಾಲು ಬಿಟ್ಟುಕೊಟ್ಟಂತೆಯೇ ಎಂದು ಅದರಲ್ಲಿದ್ದ ಒಂದು ತೀರ್ಪಿನ ಹದಿನೇಳನೇ ಪ್ಯಾರಾ ಹೇಳುತ್ತಿತ್ತು. ಮೇಲೆ 'ತೀರ್ಮಾನ' ಎಂಬ ತಲೆಬರಹ. ಕೆಳಗೆ ನಮ್ಮ ಪ್ರಕಾಶನದ ಹೆಸರು.

ಆ ತೀರ್ಪನ್ನು ವಿಂಗಡಿಸಿದ್ದವಳು ನಾನೇ. ಹದಿನಾಲ್ಕನೇ ಪ್ಯಾರಾ 'ಪ್ರತಿವಾದಿಗಳ ವಕೀಲರು ವಾದಿಸುತ್ತಾರೆ' ಎಂದು ಶುರುವಾಗಿತ್ತು. ಆಮೇಲೆ ವಾದಿಸುತ್ತಾರೆ ಎಂಬ ಮಾತು ಮತ್ತೆ ಬರದಿದ್ದರೂ ಹದಿನೇಳನೆಯದರವರೆಗೂ ಅದೇ ವಾದ. ಇಪ್ಪತ್ತಮೂರರಲ್ಲಿ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದ್ದರು: ನೋಂದಣಿಯಾದ ಹಕ್ಕುಬಿಡುಗಡೆ ಪತ್ರವಿಲ್ಲದೆ, ಒಡವೆ ಕೊಟ್ಟ ಮಾತ್ರಕ್ಕೆ ಮಗಳ ಪಾಲು ಹೋಗದು. ನ್ಯಾಯಾಧೀಶರು ಹೇಳಿ ಬರೆಸುವಾಗ ವಕೀಲರ ಮಾತನ್ನು ಒಪ್ಪಿಸುವ ದನಿ ಯಾವುದು, ಸ್ವಂತ ಮಾತು ಯಾವುದು ಎಂದು ಇಡೀ ಸರ್ವಿಸಿನುದ್ದಕ್ಕೂ ಕೇಳಿದವಳು ನಾನು. ಹದಿನೇಳನ್ನು 'ವಾದ'ದಲ್ಲೇ ಇಟ್ಟಿದ್ದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ, ನನ್ನ ಕೆಲಸ ಪರಿಶೀಲಿಸುವ ಸಂಪಾದಕರ ಮುಂದೆ ಆ ಹಾಳೆ ಇಟ್ಟೆ. ಪ್ಯಾರಾವನ್ನು ತಾವೇ ಸರಿಸಿದ್ದಾಗಿ ಒಪ್ಪಿಕೊಂಡರು.

"ಅದು 'ಆದ್ದರಿಂದ' ಅಂತ ಶುರುವಾಗುತ್ತಲ್ಲ ಮೇಡಂ. ತೀರ್ಮಾನ ಅಂದ್ಕೊಂಡೆ."

"ವಕೀಲರೂ ಆದ್ದರಿಂದ ಅಂತಾರೆ ಸಾರ್. ಜಡ್ಜ್ ಬೇಡ ಅಂದ ಮಾತನ್ನ ಅವರ ಬಾಯಿಗೇ ತುರುಕಿದ್ದೀರಿ."

ಅವರು ಅಲ್ಲೇ ಕೂತು ಪ್ಯಾರಾವನ್ನು ಸದ್ದಿಲ್ಲದೆ ವಾಪಸ್ ಸರಿಸಿದರು, ಆಯ್ತಲ್ಲ ಎಂದರು. ಆಗಲಿಲ್ಲ. ಈಗಾಗಲೇ ಓದಿಕೊಂಡು ಹೋದವರ ಗತಿ? ತಪ್ಪಾಗಿತ್ತು, ತಿದ್ದಿದ್ದೇವೆ ಎಂದು ತೀರ್ಪಿನ ಮೇಲೆಯೇ ಹಾಕುವವರೆಗೆ ಇನ್ನೊಂದು ಫೈಲ್ ಮುಟ್ಟುವುದಿಲ್ಲ ಎಂದೆ. ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಗೊಣಗಿದರು. ಎರಡು ದಿನ ಸುಮ್ಮನೆ ಕೂತು ಬಂದೆ. ಮೂರನೇ ದಿನ ಹಾಕಿದರು.

ಇಡೀ ತೀರ್ಪಿನ ಪ್ರತಿ ತೆಗೆದು, ಇಪ್ಪತ್ತಮೂರನೇ ಪ್ಯಾರಾಕ್ಕೆ ಗೆರೆ ಎಳೆದು ಆ ಹೊಲಿಗೆಯವಳಿಗೆ ಕೊಟ್ಟೆ. ಜಯನಗರದ ಆ ವಕೀಲರ ಹತ್ತಿರ ನಾನೂ ಹೋದೆ. ಓದಿದವರು, ಹಾಗಾದರೆ ದಾವಾ ಹಾಕಬಹುದು ಎಂದರು. ಮೊದಲೇ ಪೂರ್ತಿ ಓದಬೇಕಿತ್ತಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಅಚ್ಚಾಗಿರೋದನ್ನ ನಂಬ್ದೆ ಇನ್ನೇನ್ ಮಾಡೋದು ಮೇಡಂ?" ಎಂದರು. ಅವಳು ಅವರಿಗೆ ಕೈಮುಗಿದಳು. ನನಗೆ ಕೈಮುಗಿಯಲಾಗಲಿಲ್ಲ.