ಒಂದೇ ರಾತ್ರಿಗೆ ಇಳಿದ ಅಂಕಿ

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರಕ್ಕಿಂತ ಅಂಕಿ ಚೆನ್ನಾಗಿ ಬರುತ್ತದೆ. ಖಾನಾಪುರದಿಂದ ದಿನಾ ಬಸ್ಸು ಹಿಡಿದು ಬೆಳಗಾವಿಗೆ ಬಂದು, ಅಲ್ಲಿಯ ಒಂದು ಕಾಲೇಜಿನ ಬ್ಯಾಟರಿ ಲ್ಯಾಬಿನಲ್ಲಿ ಕಸ ಹೊಡೆಯುತ್ತಿದ್ದೆ, ಸೀಸೆ ತೊಳೆಯುತ್ತಿದ್ದೆ. ಮೂರು ಮೊಮ್ಮಕ್ಕಳಾದ ಮೇಲೂ ಬಿಡಲಿಲ್ಲ. ಮನೆಯಲ್ಲಿ ಕೂತರೆ ಸೊಸೆಗೂ ಬೇಸರ, ನನಗೂ ಬೇಸರ.

ಲಿಥಿಯಂ ಎಂದರೇನು ಎಂದು ನನಗೆ ಯಾರೂ ಕೂರಿಸಿ ಹೇಳಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ವಿದ್ಯಾರ್ಥಿ ಅದರ ಚೂರುಗಳನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಎಸೆದಿದ್ದ. ನಾನು ಒದ್ದೆ ಅರಿವೆ ಹಿಂಡಿ ಅದೇ ಬುಟ್ಟಿಗೆ ಹಾಕಿದೆ. ಬುಸ್ ಎಂದು ಹೊಗೆ ಎದ್ದು ಕಾಗದ ಹೊತ್ತಿತು. ಲ್ಯಾಬ್ ನೋಡಿಕೊಳ್ಳುವ ಸರ್ ಓಡಿ ಬಂದು ಮರಳು ಸುರಿದು, ವಿದ್ಯಾರ್ಥಿಯನ್ನು ಬಿಟ್ಟು ನನ್ನನ್ನು ಬೈದರು. ನೀರು ಕಂಡರೆ ಸಿಟ್ಟಿಗೇಳುವ ಲೋಹ ಎಂದು ಅವತ್ತು ತಿಳಿಯಿತು.

ಆಮೇಲೆ ನಂದಗಡದ ಹುಡುಗಿ ಬಂದಳು, ಪಿಎಚ್.ಡಿ. ಮಾಡಲು. ಮುಸಲ್ಮಾನರ ಮನೆಯವಳು, ತಂದೆಗೆ ಸಂತೆಯಲ್ಲಿ ಬಟ್ಟೆ ವ್ಯಾಪಾರ. ಸಂಜೆ ನಾವಿಬ್ಬರೂ ಒಂದೇ ಬಸ್ಸು. ಮೊದಮೊದಲು ನಾನು ಮೇಡಮ್ ಎನ್ನುತ್ತಿದ್ದೆ. ಒಂದು ದಿನ ಅವಳೇ ಅಂದಳು:

"ಆಯಿ, ಬಸ್ಸಿನ್ಯಾಗ ನನ್ನ ಹೆಗಲ ಮ್ಯಾಲ ತಲಿ ಇಟ್ಟು ಗೊರಕಿ ಹೊಡೀತೀರಿ, ಲ್ಯಾಬಿನ್ಯಾಗ ಮೇಡಮ್ ಅಂತೀರಿ. ಯಾವುದಾರ ಒಂದ ಬಿಡ್ರಿ."

"ಗೊರಕಿ ಬಿಡಾಕ ಆಗೂದಿಲ್ಲ ತಂಗಿ" ಎಂದೆ. ಮೇಡಮ್ ಬಿಟ್ಟೆ.

ಅವಳ ಕೆಲಸ ಗಾಜಿನ ಪೆಟ್ಟಿಗೆಯದು. ಒಳಗೆ ತೇವವಿಲ್ಲದ ಆರ್ಗಾನ್ ಗಾಳಿ. ಎರಡು ರಬ್ಬರ್ ಕೈಗವಸು ಒಳಕ್ಕೆ ಚಾಚಿರುತ್ತವೆ, ಅವುಗಳಲ್ಲಿ ಕೈ ತೂರಿಸಿ ಕೆಲಸ ಮಾಡಬೇಕು. ಅವಳು ಅದರೊಳಗೆ ಒಂದು ರೂಪಾಯಿಯಷ್ಟಗಲದ ಬಿಲ್ಲೆ ಸೆಲ್ ಕಟ್ಟುತ್ತಿದ್ದಳು. ಎರಡೂ ಕಡೆ ಲಿಥಿಯಂ ತಗಡು, ನಡುವೆ ದ್ರವದಲ್ಲಿ ನೆನೆದ ತೆಳು ಹಾಳೆ. ಆ ಸೆಲ್ಲನ್ನು ಯಂತ್ರಕ್ಕೆ ಸಿಕ್ಕಿಸಿದರೆ ಒಂದು ತಾಸು ಲಿಥಿಯಂ ಈ ದಂಡೆಯಿಂದ ಆ ದಂಡೆಗೆ, ಇನ್ನೊಂದು ತಾಸು ಆ ದಂಡೆಯಿಂದ ಈ ದಂಡೆಗೆ. ಹಗಲೂ ರಾತ್ರಿ ಇದೇ.

"ಇದ್ರಿಂದ ಏನ ಉಪಯೋಗ?" ಎಂದು ಕೇಳಿದೆ.

"ನಿಮ್ಮ ಫೋನಿನ ಬ್ಯಾಟರಿಯೊಳಗ ಲಿಥಿಯಂ ಲೋಹ ಆಗಿ ಇರಂಗಿಲ್ಲ ಆಯಿ. ಪೆನ್ಸಿಲ್ ಕಡ್ಡಿ ಐತೆಲ್ಲಾ, ಅಂಥಾ ಗ್ರಾಫೈಟಿನ ಪದರದಾಗ ಹೊಕ್ಕೊಂಡು ಕೂತಿರತೈತಿ. ಆ ಗ್ರಾಫೈಟೇ ಹೊರಿ. ಅದನ್ನ ತಗದು ಬರೇ ಲಿಥಿಯಂ ತಗಡು ಇಟ್ರ, ಅಷ್ಟ ತೂಕದಾಗ ಭಾಳ ಕರೆಂಟ್ ಹಿಡೀತೈತಿ."

"ಹಂಗಾರ ಇಡ್ರಿ. ಯಾರ ಬ್ಯಾಡಂದ್ರು?"

ಅವಳು ನಕ್ಕಳು. ಚಾರ್ಜ್ ಮಾಡುವಾಗ ಲಿಥಿಯಂ ಬಂದು ತಗಡಿನ ಮೇಲೆ ಕೂರುತ್ತದಂತೆ, ಆದರೆ ಸಮನಾಗಿ ಕೂರುವುದಿಲ್ಲ. ತಗಡಿನ ಮೇಲೆ ಒಂದು ತೆಳು ಪೊರೆ ಕಟ್ಟಿರುತ್ತದೆ. ಅದು ಎಲ್ಲಿ ಸೀಳಿದೆಯೋ ಅಲ್ಲೇ ಬಂದದ್ದೆಲ್ಲ ನುಗ್ಗುತ್ತದೆ. ನಾನು ಎಮ್ಮೆ ಕಾದವಳು, ನನಗೆ ಇದು ಹೊಸದಲ್ಲ. ಬೇಲಿಯಲ್ಲಿ ಒಂದು ಕಂಡಿ ಬಿದ್ದರೆ ಇಡೀ ಹಿಂಡು ಅಲ್ಲೇ ನುಗ್ಗುತ್ತದೆ, ನುಗ್ಗಿದಷ್ಟೂ ಕಂಡಿ ದೊಡ್ಡದಾಗುತ್ತದೆ. ಲಿಥಿಯಂ ಹಾಗೆ ಒಂದೇ ಕಡೆ ಬೆಳೆದು ಮುಳ್ಳಾಗುತ್ತದೆ, ಕವಲೊಡೆಯುತ್ತದೆ. ಅದಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಅವಸರದಿಂದ ಚಾರ್ಜ್ ಮಾಡಿದರೆ ಇನ್ನೂ ಜೋರು. ವಾಪಸು ಕಳಿಸುವಾಗ ಮುಳ್ಳಿನ ಬುಡವೇ ಮೊದಲು ಕರಗಿ, ತುದಿ ಕಡಿದು ಅಲ್ಲೇ ಬೀಳುತ್ತದೆ. ಯಾವುದಕ್ಕೂ ತಾಗದೆ ಬಿದ್ದದ್ದು ಸತ್ತ ಲಿಥಿಯಂ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಹೊಸದಾಗಿ ತೆರೆದ ಮೈ ದ್ರವವನ್ನು ಕುಡಿದು ಮತ್ತೊಂದು ಪೊರೆ ಕಟ್ಟುತ್ತದೆ. ಹೀಗೆ ಪ್ರತಿ ಸುತ್ತಿಗೂ ಲೋಹವೂ ಕಡಿಮೆ, ದ್ರವವೂ ಕಡಿಮೆ. ಮುಳ್ಳು ನಡುವಿನ ಹಾಳೆಯನ್ನು ದಾಟಿ ಆಚೆ ದಂಡೆ ಮುಟ್ಟಿತೋ, ಶಾರ್ಟ್. ದೊಡ್ಡ ಬ್ಯಾಟರಿಯಾದರೆ ಬೆಂಕಿ.

ಅವಳು ತಗಡಿಗೆ ಒಂದು ಲೇಪ ಹಚ್ಚಿ ಈ ಮುಳ್ಳನ್ನು ತಡೆಯಲು ಹೊರಟಿದ್ದಳು. ಫೆಲೋಶಿಪ್ ಮಾರ್ಚಿಗೆ ಮುಗಿಯುವುದಿತ್ತು. ಲೇಪ ಗೆದ್ದರೆ ಇನ್ನೊಂದು ವರ್ಷ ಸಿಗುತ್ತದೆ, ಇಲ್ಲವಾದರೆ ಮನೆಗೆ ನಡೆ ಎಂದು ಸರ್ ನನ್ನೆದುರೇ ಹೇಳಿದ್ದರು.

ಒಮ್ಮೆ ಕರೆಂಟು ಹೋಗಿ ಕಂಪ್ಯೂಟರಿನಲ್ಲಿದ್ದ ನಾಲ್ಕು ದಿನದ ಲೆಕ್ಕ ಅಳಿಸಿಹೋಗಿತ್ತು. ಅಂದಿನಿಂದ ಬೆಳಿಗ್ಗೆ ಬಂದವರು ಯಂತ್ರದ ಪರದೆ ನೋಡಿ ಪ್ರತಿ ಸೆಲ್ಲಿನ ಅಂಕಿ ವಹಿಯಲ್ಲಿ ಬರೆಯಬೇಕೆಂದು ಸರ್ ಹೇಳಿದರು. ಎಲ್ಲರಿಗಿಂತ ಮೊದಲು ಬರುವವಳು ನಾನೇ, ಹಾಗಾಗಿ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಲಿಥಿಯಂ ದಂಡೆ ದಾಟಲು ಎಷ್ಟು ವೋಲ್ಟಿನ ಒತ್ತು ಬೇಕಾಯಿತು ಎಂಬುದೇ ಆ ಅಂಕಿ. ಒಳಗೆ ಸತ್ತದ್ದು ಗುಡ್ಡೆಯಾದಂತೆಲ್ಲ ಅದು ಏರುತ್ತದೆ. ಎಲ್ಲ ಸೆಲ್ಲುಗಳದ್ದೂ ಏರುತ್ತಿತ್ತು, ಲೇಪ ಹಚ್ಚಿದವು ಸ್ವಲ್ಪ ನಿಧಾನ, ಅಷ್ಟೇ.

ಒಂದು ಬೆಳಿಗ್ಗೆ ಅವಳ ಏಳನೆಯ ಸೆಲ್ಲಿನ ಅಂಕಿ ಹಿಂದಿನ ದಿನದ ಅರ್ಧಕ್ಕಿಂತ ಕಡಿಮೆ ಇತ್ತು. ನನಗೆ ಕಣ್ಣಿನ ಪೊರೆ ಶುರುವಾಗಿತ್ತು. ಚುಕ್ಕಿ ತಪ್ಪಿ ಓದಿದೆನೇನೋ ಎಂದು ಸೆರಗಿನಿಂದ ಪರದೆ ಒರೆಸಿ ಮತ್ತೆ ನೋಡಿದೆ. ಅದೇ ಅಂಕಿ. ಬರೆದು ಅದಕ್ಕೊಂದು ಸುತ್ತು ಹಾಕಿದೆ. ಅವಳು ಬಂದಾಗ ಹೇಳಿದೆ:

"ತಂಗಿ, ನಿನ್ನ ಏಳನೇದು ಇಳದೈತಿ. ಇಳಿಯೂದು ಚಲೋನೋ ಕೆಟ್ಟದ್ದೋ?"

ಅವಳು ಪರದೆಗೆ ಮೂಗು ತಾಗಿಸಿ ನೋಡಿದಳು. "ಚಲೋ ಆಯಿ! ಭಾಳ ಚಲೋ! ಲೇಪ ಸೆಟ್ ಆಗೇತಿ!"

ವಾರ ಕಳೆಯಿತು, ಎರಡಾಯಿತು. ಅಂಕಿ ಏರಲೇ ಇಲ್ಲ, ಗೆರೆ ಎಳೆದ ಹಾಗೆ ಇತ್ತು. ಅಂಥ ಶಾಂತ ಸೆಲ್ಲನ್ನು ತಾನು ನೋಡೇ ಇಲ್ಲ ಎಂದರು ಸರ್. ಲೇಪದ ಇನ್ನೂ ಎರಡು ಸೆಲ್ಲು ಹಾಗೇ ಇಳಿದು ನಿಂತವು. ಅವಳು ಎಲ್ಲರಿಗೂ ಕುಂದಾ ಹಂಚಿದಳು. ನಾನು ಎರಡು ಸಲ ತಿಂದೆ. ಸರ್ ಪತ್ರಿಕೆಗೆ ಕಳಿಸುವ ಲೇಖನ ಬರೆಯಲು ಹೇಳಿದರು, ವಿಭಾಗದ ಸಭೆಯಲ್ಲಿ ಹೊಗಳಿದ್ದೂ ಆಯಿತು.

ಫೆಬ್ರವರಿಯಲ್ಲಿ ಲೇಖನದ ಚಿತ್ರ ಬಿಡಿಸುವಾಗ ಅವಳು ವಹಿ ತರಿಸಿಕೊಂಡಳು. ನಾನು ಎದುರಿನ ತೊಟ್ಟಿಯಲ್ಲಿ ಸೀಸೆ ತೊಳೆಯುತ್ತಿದ್ದೆ.

"ಆಯಿ, ಇದಕ್ಕ್ಯಾಕ ಸುತ್ತು ಹಾಕೀರಿ?"

"ಒಂದ ರಾತ್ರ್ಯಾಗ ಅಷ್ಟ ಇಳದಿತ್ತು. ನನ್ನ ಕಣ್ಣ ಸುಳ್ಳ ಹೇಳ್ತಾವೇನಂತ ಹಾಕಿದ್ನಿ. ನಿನಗ ಅವತ್ತ ಹೇಳೇನೆಲ್ಲ."

"ಒಂದ ರಾತ್ರಿಗೆ" ಎಂದಳು. ಕಂಪ್ಯೂಟರಿನ ಚಿತ್ರದಲ್ಲಿ ತಿಂಗಳುಗಳನ್ನೆಲ್ಲ ಒತ್ತಿ ಕೂಡಿಸಿದ್ದರಿಂದ ಅದು ಮೆಲ್ಲಗೆ ಇಳಿದಂತೆ ಕಾಣುತ್ತಿತ್ತು. ಅವಳು ಆ ದಿನದ ಗೆರೆಯನ್ನು ಹಿಗ್ಗಿಸಿ ನೋಡಿದಳು. ಬಾವಿಗೆ ಕೊಡ ಬಿಟ್ಟ ಹಾಗೆ ನೇರ ಬಿದ್ದಿತ್ತು.

ಅವಳು ಎದ್ದು ಹೋಗಿ ಏಳನೆಯ ಸೆಲ್ಲಿಗೆ ಕರೆಂಟನ್ನು ಎರಡು ಪಟ್ಟು ಮಾಡಿದಳು. ಅಂಕಿ ಕ್ಷಣವೂ ತಡಮಾಡದೆ ಸರಿಯಾಗಿ ಎರಡು ಪಟ್ಟಾಯಿತು. ಅರ್ಧ ಮಾಡಿದಳು, ಅರ್ಧವಾಯಿತು. ಒಳಗೆ ಲಿಥಿಯಂ ನಿಜಕ್ಕೂ ದಂಡೆ ದಾಟುತ್ತಿದ್ದರೆ ಪರದೆಯ ಗೆರೆ ಮೊದಲು ಒಂದು ಉಬ್ಬು ತೋರಿಸಿ ಆಮೇಲೆ ತಗ್ಗುತ್ತದೆ. ಇದು ಬರೀ ವಾಯರಿನ ತುಂಡಿನ ಹಾಗೆ ವರ್ತಿಸುತ್ತಿತ್ತು. ಮುಳ್ಳು ಹಾಳೆ ದಾಟಿ ಆಚೆ ಮುಟ್ಟಿ, ಕರೆಂಟು ಅದರ ಮೇಲೇ ಹರಿಯುತ್ತಿತ್ತು. ಪೂರ್ತಿ ಶಾರ್ಟ್ ಆಗಿದ್ದರೆ ಅಂಕಿ ಸೊನ್ನೆಗೆ ಬಂದು ಯಾರಿಗಾದರೂ ತಿಳಿಯುತ್ತಿತ್ತು. ಇದು ಕೂದಲೆಳೆಯಷ್ಟು ತಾಗಿತ್ತು.

"ಸತ್ತ ಸೆಲ್ಲಿಗೆ ಕುಂದಾ ಹಂಚೇನಿ ಆಯಿ" ಎಂದಳು.

"ಸತ್ತವರ ಮನ್ಯಾಗ ಸಿಹಿ ಮಾಡೂದು ಹನ್ನೊಂದನೇ ದಿನಕ್ಕ. ನೀ ಲಗೂ ಮಾಡಿದಿ" ಎಂದೆ. ಅವಳು ನಗಲಿಲ್ಲ. ಆ ಮಾತು ಆಡಬಾರದಿತ್ತು.

ಅವತ್ತೇ ಸರ್‌ಗೆ ಹೇಳಿದಳು. ಬಾಗಿಲು ತೆರೆದೇ ಇತ್ತು, ನಾನು ನೆಲ ಒರೆಸುತ್ತಿದ್ದೆ.

"ಖಾತ್ರಿ ಇಲ್ದ ಯಾಕ ಗದ್ದಲ ಮಾಡ್ತೀ? ಸೆಲ್ ಬಿಚ್ಚಿದ್ರ ಮತ್ತ ಓಡಂಗಿಲ್ಲ. ಮಾರ್ಚ್ ತನಕ ಅದು ಓಡಲಿ. ಲೇಖನ ಹೋಗಲಿ" ಎಂದರು ಸರ್.

"ಬಿಚ್ಚಿದ್ರನ ಖಾತ್ರಿ ಆಗೂದ್ರಿ ಸರ್."

"ಬಿಚ್ಚಿದ್ರ ನಿನ್ನ ಹೊಟ್ಟಿ ಮ್ಯಾಲ ನೀನ ಕಲ್ಲ ಹಾಕ್ಕೊಂಡಂಗ. ತಿಳದು ಮಾಡು."

ಸರ್ ಕೆಟ್ಟವರಲ್ಲ. ಅವರಿಗೂ ಮೇಲಿನವರಿಗೆ ತೋರಿಸಲು ಏನಾದರೂ ಬೇಕಿತ್ತು.

ಸಂಜೆ ಬಸ್ಸು ಪೀರನವಾಡಿ ದಾಟಿತು. ಅವಳು ಕೇಳಿದಳು, "ನೀವಾಗಿದ್ರ ಏನ ಮಾಡ್ತಿದ್ರಿ?"

"ನಾನಾಗಿದ್ರ ಬಿಚ್ಚತಿದ್ದಿಲ್ಲ" ಎಂದೆ. ಖರೇ ಹೇಳಿದೆ. ಇನ್ನೊಂದು ವರ್ಷದ ಪಗಾರ ಸಿಗುವುದಾದರೆ ನಾನು ಬಾಯಿ ಮುಚ್ಚಿಕೊಂಡು ಇರುವವಳು.

"ಮುಂದ ಯಾರಾರ ಇದನ್ನ ನಂಬಿ ದೊಡ್ಡ ಬ್ಯಾಟರಿ ಮಾಡಿದ್ರ?"

"ಅದ ನನಗ ತಿಳಿಯೂದಿಲ್ಲ ತಂಗಿ. ನೀ ಕೇಳಿದಿ, ನಾ ಹೇಳಿದ್ನಿ."

ಮರುದಿನ ಬೆಳಿಗ್ಗೆ ಅವಳು ಮೂರೂ ಸೆಲ್ಲುಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಬಿಚ್ಚಿದಳು. ಬೆಳ್ಳಿಯಂತೆ ಹೊಳೆಯಬೇಕಿದ್ದ ತಗಡು ಕಪ್ಪು ಬೂದು ಪಾಚಿ ಹಿಡಿದಂತಿತ್ತು. ಲೇಪ ಅಲ್ಲಲ್ಲಿ ಸೀಳಿ, ಸೀಳಿದಲ್ಲೆಲ್ಲ ಗುಡ್ಡೆ. ನಡುವಿನ ಬಿಳಿ ಹಾಳೆಯನ್ನು ಗಾಜಿನ ಹತ್ತಿರ ಹಿಡಿದು ತೋರಿಸಿದಳು. ಈ ಮಗ್ಗುಲಲ್ಲಿ ಒಂದು ಕಪ್ಪು ಚುಕ್ಕೆ, ತಿರುಗಿಸಿದರೆ ಆ ಮಗ್ಗುಲಲ್ಲೂ ಅದೇ ಜಾಗದಲ್ಲಿ ಚುಕ್ಕೆ. ಮೂರರಲ್ಲೂ ಹಾಗೇ. ಅವಳು ಮೂರರ ಫೋಟೋ ತೆಗೆದು ಸರ್ ಅವರ ಮೇಜಿನ ಮೇಲಿಟ್ಟಳು. ಸರ್ ಒಂದೊಂದನ್ನೇ ಎತ್ತಿ ನೋಡಿ, "ಲೇಖನ ಬ್ಯಾಡ" ಎಂದಷ್ಟೇ ಹೇಳಿದರು.

ಮಾರ್ಚ್ ಬಂತು. ಇನ್ನೊಂದು ವರ್ಷ ಕೊಡಲಿಲ್ಲ. ಅಷ್ಟರೊಳಗೆ ಲೇಪವನ್ನು ದಪ್ಪ ಮಾಡಿ ನೋಡಿದಳು, ತೆಳ್ಳಗೆ ಮಾಡಿ ನೋಡಿದಳು. ಕೆಲವು ಹತ್ತು ದಿನ ಹೆಚ್ಚು ಬಾಳಿದವು, ಅಷ್ಟೇ. ಮುಳ್ಳು ಎಲ್ಲದರಲ್ಲೂ ಬಂತು. ಲೋಕದಲ್ಲಿ ಎಷ್ಟೋ ದೊಡ್ಡ ಲ್ಯಾಬಿನವರು ಇದನ್ನೇ ಹಿಡಿದು ಕೂತಿದ್ದಾರೆ, ಅವರಿಗೂ ಪೂರ್ತಿ ಬಗೆಹರಿದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಹೇಳಿ ಸಮಾಧಾನ ಮಾಡಿಕೊಂಡಳೋ ಇಲ್ಲವೋ ಗೊತ್ತಿಲ್ಲ.

ಕೊನೆಯ ದಿನ ಉಳಿದ ಲಿಥಿಯಂ ಚೂರುಗಳನ್ನು ಅವಳೇ ಮುಗಿಸಬೇಕಿತ್ತು. ಹೊಗೆ ಎಳೆಯುವ ಕಪಾಟಿನೊಳಗೆ ಸ್ಪಿರಿಟ್ ತುಂಬಿದ ಪಾತ್ರೆಯಿಟ್ಟು ಒಂದೊಂದೇ ಚೂರು ಬಿಟ್ಟಳು. ಒಂದು ಪೂರ್ತಿ ಕರಗದೆ ಇನ್ನೊಂದು ಹಾಕುವಂತಿಲ್ಲ. ಚೂರಿನ ಮೈಯಿಂದ ಸಣ್ಣ ಗುಳ್ಳೆ ಏಳುತ್ತಲೇ ಇದ್ದವು. ನಾನು ಒಣ ಕೈಯಲ್ಲಿ ಬಾಜೂಕೆ ನಿಂತೆ.

"ಇನ್ನ ಎಷ್ಟ ಅದಾವ?" ಎಂದು ಕೇಳಿದೆ.

"ಆರು. ನೀವು ಹೋಗ್ರಿ ಆಯಿ, ಬಸ್ ತಪ್ಪತೈತಿ."

ನಾನು ಹೋಗಲಿಲ್ಲ. ಆರೂ ಕರಗುವ ಹೊತ್ತಿಗೆ ಬಸ್ಸು ಹೋಗಿತ್ತು.